ಪಾಲುದಾರ ಬದಲಾದಾಗ ಬಾಡಿಗೆ ಮಳಿಗೆ ಯಾರದು?

ದೆಹಲಿಯಲ್ಲಿ ಮದ್ರಾಸ್ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ (ವೆಸ್ಟ್) ಎಂಬ ಪಾಲುದಾರಿಕೆ ಸಂಸ್ಥೆ ಬಾಡಿಗೆ ಜಾಗದಿಂದ ಸರಕು ಸಾಗಣೆ ನಡೆಸುತ್ತಿತ್ತು. ಮುಂದೆ ಅದರ ಪಾಲುದಾರರು ತಮ್ಮದೇ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿದರು. ಆ ಕಂಪನಿಯೂ ಅದೇ ಜಾಗದಲ್ಲಿ ವ್ಯವಹಾರ ಶುರು ಮಾಡಿತು. ‘ನಾನು ಬಾಡಿಗೆಗೆ ಕೊಟ್ಟದ್ದು ಪಾಲುದಾರರಿಗೆ, ಈಗ ಒಳಗಿರುವುದು ಕಂಪನಿ, ಇದು ಒಳಬಾಡಿಗೆ’ ಎಂದು ಮಾಲೀಕರು ಕೋರ್ಟಿಗೆ ಹೋದರು. 1986ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸಂಸ್ಥೆಯಲ್ಲೂ ಕಂಪನಿಯಲ್ಲೂ ಇದ್ದವರು ಹೆಚ್ಚುಕಡಿಮೆ ಅವರೇ, ಜಾಗದ ಮೇಲಿನ ಹಿಡಿತ ಅವರ ಕೈಯಿಂದ ಜಾರಿಲ್ಲ ಎಂದಿತು. ಬಾಡಿಗೆದಾರರು ಉಳಿದುಕೊಂಡರು.

ಹೊಲಿಗೆ ಯಂತ್ರದ ಸಿಂಗರ್ ಕಂಪನಿಗೆ ಈ ಅದೃಷ್ಟ ಇರಲಿಲ್ಲ. ಇಲ್ಲಿ ಜಾಗ ಬಾಡಿಗೆಗೆ ಪಡೆದಿದ್ದದ್ದು ಅಮೆರಿಕದ ಮೂಲ ಕಂಪನಿ. ವಿದೇಶಿ ವಿನಿಮಯದ ಕಾನೂನು ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂದಾಗ, ಅದು ತನ್ನ ಭಾರತದ ವ್ಯವಹಾರವನ್ನು ಹೈಕೋರ್ಟಿನ ಅನುಮತಿಯೊಂದಿಗೆ ಒಂದು ಭಾರತೀಯ ಕಂಪನಿಯಲ್ಲಿ ವಿಲೀನ ಮಾಡಿತು. ಅದೇ ವ್ಯಾಪಾರ, ಅದೇ ಅಂಗಡಿ. ಆದರೂ 2004ರಲ್ಲಿ ಸುಪ್ರೀಂ ಕೋರ್ಟ್ ಬಾಡಿಗೆ ಹಕ್ಕು ಬೇರೊಬ್ಬರ ಕೈಗೆ ಹೋಗಿದೆ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲ, ಜಾಗ ಬಿಡಬೇಕು ಎಂದಿತು. ಕಾನೂನಿನ ಒತ್ತಡಕ್ಕೆ ಮಣಿದು ವಿಲೀನವಾದೆವು ಎಂಬ ಸಮಜಾಯಿಷಿ ನಡೆಯಲಿಲ್ಲ. ಹೈದರಾಬಾದಿನ ಒಂದು ರೇಡಿಯೊ ಕಂಪನಿಯ ವಿಲೀನದ ಪ್ರಕರಣದಲ್ಲೂ 1986ರಲ್ಲೇ ಇಂಥದೇ ತೀರ್ಪು ಬಂದಿತ್ತು.

ಎರಡು ದೊಡ್ಡ ಸಂಸ್ಥೆಗಳ ಈ ಕಥೆಗಳಲ್ಲಿರುವ ಪ್ರಶ್ನೆಯೇ ಚಿಕ್ಕಪೇಟೆಯ ಸೀರೆ ಅಂಗಡಿಗೂ ದಾವಣಗೆರೆಯ ಹೋಟೆಲಿಗೂ ಎದುರಾಗುತ್ತದೆ. ಇಬ್ಬರು ಸೇರಿ ಅಂಗಡಿ ಇಟ್ಟಿರುತ್ತಾರೆ. ಒಬ್ಬರಿಗೆ ಸಾಕಾಗುತ್ತದೆ, ಇಲ್ಲವೇ ಊರು ಬಿಡುತ್ತಾರೆ, ಇಲ್ಲವೇ ತೀರಿಕೊಳ್ಳುತ್ತಾರೆ. ಅವರ ಜಾಗಕ್ಕೆ ಮೂರನೆಯವರು ಬರುತ್ತಾರೆ. ವ್ಯಾಪಾರದ ಲೆಕ್ಕಾಚಾರವೆಲ್ಲ ಮುಗಿದ ಮೇಲೆ ನೆನಪಾಗುವುದು ಬಾಡಿಗೆ ಕರಾರಿನ ಆ ಒಂದು ಕಲಮು: ‘ಸದರಿ ಮಳಿಗೆಯನ್ನು ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವುದಾಗಲಿ, ಹಕ್ಕು ವರ್ಗಾಯಿಸುವುದಾಗಲಿ, ಅನ್ಯರ ಸ್ವಾಧೀನಕ್ಕೆ ಬಿಡುವುದಾಗಲಿ ಕೂಡದು.’

ಈ ಕಲಮಿಗೆ ಎಷ್ಟು ಬಲವಿದೆ ಎಂಬುದು ಮೊದಲು ಅಂಗಡಿಯ ಅಳತೆಯ ಮೇಲೆ ನಿಂತಿದೆ ಎಂದರೆ ಬಹಳ ಜನ ನಂಬುವುದಿಲ್ಲ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ವಾಣಿಜ್ಯ ಜಾಗಗಳ ಪೈಕಿ 14 ಚದರ ಮೀಟರಿನೊಳಗಿನ, ಎಂದರೆ ಸುಮಾರು 150 ಚದರಡಿಯೊಳಗಿನ ಮಳಿಗೆಗಳನ್ನು ಮಾತ್ರ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುತ್ತದೆ. ಬಾಡಿಗೆಯ ಮೊತ್ತಕ್ಕೂ ಅದರಲ್ಲಿ ಮಿತಿ ಇದೆ. ಬೀಡಾ ಅಂಗಡಿ, ಪುಟ್ಟ ಟೈಲರ್ ಅಂಗಡಿಯಂಥವು ಆ ಲೆಕ್ಕಕ್ಕೆ ಬಂದಾವು. ಅದಕ್ಕಿಂತ ದೊಡ್ಡದಾದ ಅಂಗಡಿ, ಕ್ಲಿನಿಕ್, ಗೋದಾಮು, ಹೋಟೆಲುಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಅಧಿನಿಯಮ.

ಎರಡು ಕಾನೂನುಗಳ ದಾರಿ ಬೇರೆ ಬೇರೆ. ಬಾಡಿಗೆ ಅಧಿನಿಯಮದಡಿ ಕರಾರಿನಲ್ಲಿ ಏನೂ ಬರೆಯದಿದ್ದರೂ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಟ್ಟರೆ ಅದೇ ತೆರವಿಗೆ ಕಾರಣವಾಗುತ್ತದೆ. ಆಸ್ತಿ ವರ್ಗಾವಣೆ ಅಧಿನಿಯಮದ 108ನೇ ಕಲಮು ಹೇಳುವುದು ಇದಕ್ಕೆ ತದ್ವಿರುದ್ಧ: ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಬಾಡಿಗೆದಾರರು ತಮ್ಮ ಹಕ್ಕನ್ನು ಪೂರ್ತಿಯಾಗಿಯಾಗಲಿ ಒಂದು ಭಾಗವನ್ನಾಗಲಿ ಇನ್ನೊಬ್ಬರಿಗೆ ವರ್ಗಾಯಿಸಬಹುದು, ಒಳಬಾಡಿಗೆಗೂ ಕೊಡಬಹುದು. ಹಾಗಾಗಿ 150 ಚದರಡಿ ಮೀರಿದ ಅಂಗಡಿಯ ಮಟ್ಟಿಗೆ ಬಾಡಿಗೆದಾರರ ಕೈ ಕಟ್ಟುವುದು ಕಾನೂನಲ್ಲ, ಅವರೇ ಸಹಿ ಹಾಕಿದ ಕರಾರು. ಸಹಿ ಹಾಕುವ ದಿನ ಎಲ್ಲರ ಕಣ್ಣು ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆಷ್ಟು ಏರಿಕೆ ಎಂಬುದರ ಮೇಲೇ ಇರುತ್ತದೆ. ಸ್ಟಾಂಪ್ ಪೇಪರಿನ ಮೇಲೆ ಟೈಪಿಸ್ಟ್ ಹಳೆಯ ಮಾದರಿಯಿಂದ ಇಳಿಸಿದ ಈ ಸಾಲನ್ನು ಯಾರೂ ಓದುವುದಿಲ್ಲ.

ಅಲ್ಲೇ ಇನ್ನೊಂದು ಸೂಕ್ಷ್ಮವಿದೆ. ‘ಒಳಬಾಡಿಗೆ ಕೂಡದು’ ಎಂದು ಬರೆದರಷ್ಟೇ ಮಾಲೀಕರಿಗೆ ಅವಧಿಗೆ ಮುಂಚೆ ಜಾಗ ಮರಳಿ ಪಡೆಯುವ ಹಕ್ಕು ಹುಟ್ಟುವುದಿಲ್ಲ. ‘ಈ ಷರತ್ತು ಮುರಿದರೆ ಮಾಲೀಕರು ಮಳಿಗೆಯನ್ನು ವಾಪಸು ಪಡೆಯತಕ್ಕದ್ದು’ ಎಂಬ ಮಾತೂ ಕರಾರಿನಲ್ಲಿರಬೇಕು, ಆಮೇಲೆ ಮಾಲೀಕರು ಲಿಖಿತ ನೋಟಿಸನ್ನೂ ಕೊಡಬೇಕು. ಆ ಎರಡನೆಯ ಮಾತು ಇಲ್ಲದಿದ್ದರೆ ಅವರು ನಷ್ಟ ಕೇಳಬಹುದು, ತಡೆಯಾಜ್ಞೆ ಕೇಳಬಹುದು; ಅದೊಂದೇ ಕಾರಣಕ್ಕೆ ಕರಾರು ರದ್ದಾಗುವುದಿಲ್ಲ. ಆದರೆ ಎರಡೂ ಮಾತು ಇದ್ದರೆ ಬಾಡಿಗೆದಾರರ ಸ್ಥಿತಿ ಬಿಗಿಯಾಗುತ್ತದೆ. ಬೇರೆ ಷರತ್ತು ಮುರಿದಾಗ, ಉದಾಹರಣೆಗೆ ಹೇಳದೆ ಗೋಡೆ ಒಡೆದಾಗ, ಸರಿಪಡಿಸಿಕೊಳ್ಳಲು ಸಮಯ ಕೊಟ್ಟು ನೋಟಿಸ್ ಕೊಡಬೇಕೆಂದು 114-ಎ ಕಲಮು ಹೇಳುತ್ತದೆ. ಒಳಬಾಡಿಗೆ, ಹಕ್ಕು ವರ್ಗಾವಣೆ, ಸ್ವಾಧೀನ ಬಿಟ್ಟುಕೊಡುವುದು ಇವುಗಳಿಗೆ ಆ ರಿಯಾಯಿತಿ ಇಲ್ಲ ಎಂದು ಅದೇ ಕಲಮು ಬಿಡಿಸಿ ಹೇಳಿದೆ. ‘ಹೊಸಬರನ್ನು ಕಳಿಸಿಬಿಡುತ್ತೇನೆ’ ಎಂದು ಆಮೇಲೆ ಹೇಳುವುದು ಇಲ್ಲಿ ಬಾಡಿಗೆದಾರರ ಹಕ್ಕಾಗಿ ಉಳಿಯುವುದಿಲ್ಲ.

11 ತಿಂಗಳ ಕರಾರನ್ನು ಮತ್ತೆ ಮತ್ತೆ ಬರೆಸಿಕೊಂಡು, ಅಥವಾ ಅವಧಿ ಮುಗಿದ ಮೇಲೂ ಹಾಗೇ ತಿಂಗಳ ಬಾಡಿಗೆ ಕೊಟ್ಟುಕೊಂಡು ಕೂತವರು ಇನ್ನೊಂದು ಸಂಗತಿ ತಿಳಿದಿರಬೇಕು. ತಿಂಗಳ ಬಾಡಿಗೆಯ ವ್ಯವಹಾರವನ್ನು ಮಾಲೀಕರು 15 ದಿನಗಳ ನೋಟಿಸಿನಿಂದ, ಯಾವ ಕಾರಣವನ್ನೂ ಕೊಡದೆ, ಮುಗಿಸಬಹುದು. ಪಾಲುದಾರರ ಬದಲಾವಣೆಯ ವಾದ ನಿಜವಾಗಿ ಬೆಲೆ ಬಾಳುವುದು ಮೂರು ವರ್ಷ, ಐದು ವರ್ಷ, ಒಂಬತ್ತು ವರ್ಷದ ನೋಂದಾಯಿತ ಕರಾರಿನಲ್ಲಿ. ಒಂದು ವರ್ಷ ಮೀರಿದ ಅವಧಿಗೆ ನೋಂದಣಿ ಕಡ್ಡಾಯ. ಐದು ವರ್ಷವೆಂದು ಬರೆದು ನೋಂದಾಯಿಸದೆ ಬಿಟ್ಟ ಕರಾರನ್ನು ನಂಬಿ ಲಕ್ಷಗಟ್ಟಲೆ ಫರ್ನಿಚರ್ ಮಾಡಿಸುವುದು ಅಪಾಯ.

ಈಗ ನೇರವಾಗಿ ಪಾಲುದಾರರ ವಿಷಯಕ್ಕೆ ಬರಬಹುದು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ 400 ಚದರಡಿಯ ಒಂದು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳೋಣ. ತಿಂಗಳ ಬಾಡಿಗೆ 30,000 ರೂಪಾಯಿ, ಅಡ್ವಾನ್ಸ್ 3 ಲಕ್ಷ, ಐದು ವರ್ಷದ ನೋಂದಾಯಿತ ಕರಾರು, ಅದರಲ್ಲಿ ಎರಡು ವರ್ಷ ಕಳೆದಿದೆ. ಪಾಲುದಾರರು ಇಬ್ಬರು: ಒಬ್ಬರು ಬಂಡವಾಳ ಹಾಕಿದವರು, ಇನ್ನೊಬ್ಬರು ದಿನವೂ ಗಲ್ಲೆಯ ಮೇಲೆ ಕೂತು ವ್ಯಾಪಾರ ನೋಡುವವರು. ಒಂದು ದಿನ ಮಾಲೀಕರು ಬಾಡಿಗೆಗೆಂದು ಬಂದಾಗ ಗಲ್ಲೆಯ ಮೇಲೆ ಹೊಸ ಮುಖ ಕಾಣುತ್ತದೆ.

‘ಗಲ್ಲೇದ ಮ್ಯಾಲ ಕೂತವ್ರು ಯಾರ್ರೀ?’

‘ನಮ್ಮ ಹೊಸ ಪಾರ್ಟ್‌ನರ್ ರೀ ಸಾವಕಾರ್ರ.’

ಈ ಉತ್ತರ ನಿಜವೋ ನೆಪವೋ ಎಂಬುದರ ಮೇಲೆಯೇ ಮುಂದಿನ ಮೂರು ವರ್ಷ ನಿಂತಿದೆ.

ಬಂಡವಾಳದವರು ಹೊರಗೆ ಹೋಗಿ, ಅವರ ಜಾಗಕ್ಕೆ ಗಲ್ಲೆಯವರ ಭಾವಮೈದುನ ಬಂದರು ಎನ್ನೋಣ. ಕರಾರು ಸಂಸ್ಥೆಯ ಹೆಸರಿನಲ್ಲಿದೆ, ಇಬ್ಬರ ಸಹಿಯೂ ಇದೆ. ಗಲ್ಲೆಯವರು ಮೊದಲಿನಂತೆ ದಿನವೂ ಅಂಗಡಿಯಲ್ಲಿದ್ದಾರೆ. ಲಾಭನಷ್ಟ ಇಬ್ಬರದೂ, ಬ್ಯಾಂಕ್ ಖಾತೆಗೆ ಇಬ್ಬರ ಸಹಿಯೂ ಬೇಕು. ಇಂಥ ಬದಲಾವಣೆಯನ್ನು ಕೋರ್ಟುಗಳು ಸಾಮಾನ್ಯವಾಗಿ ಒಳಬಾಡಿಗೆ ಎಂದು ನೋಡುವುದಿಲ್ಲ. ಬಾಡಿಗೆದಾರರು ಪಾಲುದಾರರನ್ನು ಸೇರಿಸಿಕೊಂಡದ್ದೇ ತಪ್ಪಲ್ಲ. ಅವರು ವ್ಯವಹಾರದಲ್ಲಿ ನಿಜವಾಗಿ ತೊಡಗಿದ್ದು, ಜಾಗದ ಮೇಲಿನ ಹತೋಟಿ ಅವರಲ್ಲಿ, ಬೇಕಾದರೆ ಪಾಲುದಾರರ ಜತೆಗೂಡಿ, ಉಳಿದಿದ್ದರೆ ಸ್ವಾಧೀನ ಬಿಟ್ಟುಕೊಟ್ಟಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 1988ರ ಒಂದು ಪ್ರಕರಣದಲ್ಲಿ ಬಾಡಿಗೆದಾರರಾದ ತಂದೆ ವ್ಯಾಪಾರದಿಂದ ಹಿಂದೆ ಸರಿದಿದ್ದರು, ಮಕ್ಕಳು ಅಂಗಡಿ ನೋಡಿಕೊಳ್ಳುತ್ತಿದ್ದರು. ಬೇಕೆಂದಾಗ ಒಳಗೆ ಬರುವ, ಬೇಡವಾದವರನ್ನು ಹೊರಗಿಡುವ ಹಕ್ಕು ತಂದೆಯಲ್ಲೇ ಇರುವಾಗ ಜಾಗ ಕೈಬಿಟ್ಟಂತಲ್ಲ ಎಂದೇ ಅಲ್ಲೂ ತೀರ್ಪಾಯಿತು. ಇವು ಬಾಡಿಗೆ ನಿಯಂತ್ರಣ ಕಾನೂನುಗಳ ಅಡಿಯ ತೀರ್ಪುಗಳು. ಆದರೆ ಸ್ವಾಧೀನ ಬಿಡುವುದು ಎಂದರೆ ಏನು ಎಂಬ ಪ್ರಶ್ನೆ ಕರಾರಿನ ಕಲಮಿನಲ್ಲೂ ಏಳುವುದರಿಂದ ವಕೀಲರು ಅಲ್ಲೂ ಇವನ್ನೇ ಮುಂದಿಡುತ್ತಾರೆ.

ಪಾತ್ರಗಳನ್ನು ಅದಲುಬದಲು ಮಾಡಿದರೆ ಚಿತ್ರವೇ ಬೇರೆ. ಗಲ್ಲೆಯವರು ಬಿಟ್ಟುಹೋದರು. ಬಂಡವಾಳದವರಿಗೆ ಅಂಗಡಿ ನಡೆಸಿ ಗೊತ್ತಿಲ್ಲ. ಅವರು ಇನ್ನೊಬ್ಬ ವ್ಯಾಪಾರಿಯನ್ನು ಕರೆತಂದು ಪಾಲುದಾರಿಕೆ ಪತ್ರ ಬರೆಸುತ್ತಾರೆ. ಪತ್ರದಲ್ಲಿರುವುದು ಇಷ್ಟು: ಹೊಸಬರು ಬಂಡವಾಳದವರಿಗೆ ಲಾಭ ಬರಲಿ, ಬಿಡಲಿ, ತಿಂಗಳಿಗೆ 45,000 ರೂಪಾಯಿ ಕೊಡಬೇಕು; ನಷ್ಟವಾದರೆ ಪೂರ್ತಿ ಹೊಸಬರದೇ; ಕೀಲಿ, ಸ್ಟಾಕು, ಖಾತೆ ಎಲ್ಲವೂ ಹೊಸಬರ ಹತ್ತಿರ. ಮಾಲೀಕರಿಗೆ ಹೋಗುವ 30,000 ಕಳೆದರೆ ಬಂಡವಾಳದವರಿಗೆ ಕೂತಲ್ಲೇ 15,000 ಉಳಿಯುತ್ತದೆ. ಇದು ಪಾಲುದಾರಿಕೆ ಅಲ್ಲ, ಒಳಬಾಡಿಗೆಯೇ. ಪತ್ರದ ಮೇಲೆ ಏನೇ ಹೆಸರಿರಲಿ, ಅದರ ಮರೆಯಲ್ಲಿ ನಡೆದದ್ದು ಏನೆಂದು ಪರದೆ ಸರಿಸಿ ನೋಡುವ ಅಧಿಕಾರ ಕೋರ್ಟಿಗೆ ಇದೆ. ದೆಹಲಿಯ 1958ರ ಬಾಡಿಗೆ ನಿಯಂತ್ರಣ ಕಾನೂನಂತೂ ಪಾಲುದಾರರೆಂದು ತೋರಿಸಿ ನಿಜದಲ್ಲಿ ಒಳಬಾಡಿಗೆಗೆ ಜಾಗ ಬಿಟ್ಟರೆ ಅದನ್ನು ಒಳಬಾಡಿಗೆ ಎಂದೇ ಎಣಿಸಬೇಕು ಎಂದು ಸ್ಪಷ್ಟವಾಗಿ ಬರೆದುಕೊಂಡಿದೆ. ಅಂದರೆ ಈ ಉಪಾಯ ಹೊಸದೇನಲ್ಲ.

‘ದುಡ್ಡು ಕೈಯಲ್ಲಿ ಕೊಟ್ಟಿದ್ದೇವೆ, ಮಾಲೀಕರು ಹೇಗೆ ಸಾಬೀತು ಮಾಡುತ್ತಾರೆ?’ ಎಂಬ ಧೈರ್ಯವೂ ನಿಲ್ಲುವುದಿಲ್ಲ. ಭಾರತೀಯ ಜೀವವಿಮಾ ನಿಗಮದ ಒಂದು ಜಾಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ್ದು ಇದೇ: ಒಳಬಾಡಿಗೆಯ ಹಣ ಗುಟ್ಟಾಗಿ ಕೈ ಬದಲಾಗುತ್ತದೆ, ಅದಕ್ಕೆ ನೇರ ಸಾಕ್ಷಿ ಕೇಳಲಾಗದು, ಸಂದರ್ಭದಿಂದ ಊಹಿಸಬಹುದು. ಗೋವಾದ ಪ್ರಕರಣವೊಂದರಲ್ಲಿ ಇದೇ ನ್ಯಾಯಾಲಯ ಸಾಕ್ಷ್ಯದ ಕ್ರಮವನ್ನು ಬಿಡಿಸಿಟ್ಟಿತು. ಬೇರೆಯವರೊಬ್ಬರು ಜಾಗವನ್ನು ಪೂರ್ತಿ ತಮ್ಮದಾಗಿಸಿಕೊಂಡು ಕೂತಿದ್ದಾರೆ ಎಂದು ಮಾಲೀಕರು ತೋರಿಸಿದರೆ ಸಾಕು. ಅವರು ಯಾವ ನೆಲೆಯಲ್ಲಿ ಅಲ್ಲಿದ್ದಾರೆ ಎಂದು ವಿವರಿಸುವ ಹೊರೆ ಆಮೇಲೆ ಬಾಡಿಗೆದಾರರ ಮೇಲೆ ಬೀಳುತ್ತದೆ. ಆಗ ಎದುರಿಗೆ ಬರುವುದು ಪಾಲುದಾರಿಕೆ ಪತ್ರ ಒಂದೇ ಅಲ್ಲ; ಜಿಎಸ್‌ಟಿ ನೋಂದಣಿ, ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ಕಟ್ಟಿದ ಖಾತೆ, ಲಾಭ ಹಂಚಿದ ಲೆಕ್ಕಪುಸ್ತಕ, ಆದಾಯ ತೆರಿಗೆ ರಿಟರ್ನ್ ಎಲ್ಲವೂ. ಕಾಗದದ ಮೇಲೆ ಪಾಲುದಾರರಾಗಿದ್ದವರು ಎರಡು ವರ್ಷ ಒಂದು ರೂಪಾಯಿ ಲಾಭನಷ್ಟವನ್ನೂ ತೋರಿಸದಿದ್ದರೆ ಆ ಕಾಗದ ಯಾರನ್ನೂ ಉಳಿಸದು.

ಮೂರನೆಯ ಸಂದರ್ಭವೇ ಹೆಚ್ಚು ಜನರನ್ನು ಕೆಡಿಸುವುದು ಎನಿಸುತ್ತದೆ. ಅಂಗಡಿ ಇಬ್ಬರದು, ಕರಾರು ಮಾತ್ರ ಒಬ್ಬರ ಹೆಸರಿನಲ್ಲಿ. ಸಂಸ್ಥೆ ಆಗಿನ್ನೂ ನೋಂದಣಿಯಾಗಿರಲಿಲ್ಲ, ಮಾಲೀಕರಿಗೆ ಪರಿಚಯ ಇದ್ದದ್ದು ಅವರದೇ, ಆದ್ದರಿಂದ ಅವರು ಸಹಿ ಹಾಕಿದರು. ಈಗ ಹೊರಟವರು ಅವರೇ. ಉಳಿದವರು ಎಷ್ಟು ವರ್ಷ ಆ ಅಂಗಡಿಯಲ್ಲಿ ದುಡಿದಿದ್ದರೂ ಮಾಲೀಕರ ಕಣ್ಣಿಗೆ ಅವರು ಕರಾರಿನಲ್ಲಿಲ್ಲದವರು. ಸಹಿ ಹಾಕಿದವರು ಪೂರ್ತಿ ಹೊರನಡೆದರೆ ಅದು ಹಕ್ಕಿನ ವರ್ಗಾವಣೆ, ಅದಕ್ಕೆ ಲಿಖಿತ ಒಪ್ಪಿಗೆ ಬೇಕು. ಮೊದಲೇ ಸಂಸ್ಥೆಯ ಹೆಸರನ್ನೂ ಎಲ್ಲ ಪಾಲುದಾರರ ಹೆಸರನ್ನೂ ಕರಾರಿನಲ್ಲಿ ಸೇರಿಸಿದ್ದರೆ ಈ ತೊಡಕು ಇರುತ್ತಿರಲಿಲ್ಲ.

ಇಬ್ಬರೇ ಪಾಲುದಾರರಿರುವ ಸಂಸ್ಥೆಯಲ್ಲಿ ಬದಲಾವಣೆಯ ಕ್ರಮವೂ ಮುಖ್ಯ. ಒಬ್ಬರೇ ಉಳಿದರೆ ಪಾಲುದಾರಿಕೆ ಎಂಬುದೇ ಇರುವುದಿಲ್ಲ. ಮಾರ್ಚ್ 31ಕ್ಕೆ ಒಬ್ಬರು ನಿವೃತ್ತರಾಗಿ, ಜೂನ್ 1ಕ್ಕೆ ಹೊಸಬರು ಸೇರಿದರೆ ಕಾನೂನಿನ ದೃಷ್ಟಿಯಲ್ಲಿ ಹಳೆಯ ಸಂಸ್ಥೆ ಮುಗಿದು ಹೊಸದೊಂದು ಹುಟ್ಟಿದಂತೆ. ಆ ಎರಡು ತಿಂಗಳ ಅಂತರವನ್ನೇ ಹಿಡಿದು ‘ಕರಾರು ಮಾಡಿಕೊಂಡ ಸಂಸ್ಥೆ ಇಲ್ಲವೇ ಇಲ್ಲ’ ಎಂದು ವಾದಿಸಲು ಮಾಲೀಕರಿಗೆ ಅವಕಾಶ ಸಿಗುತ್ತದೆ. ಅದರ ಬದಲು ಮೊದಲು ಹೊಸಬರನ್ನು ಸೇರಿಸಿಕೊಂಡು, ಆಮೇಲೆ ಹಳಬರು ನಿವೃತ್ತರಾಗುವಂತೆ ಒಂದೇ ಪತ್ರದಲ್ಲಿ ಬರೆಸಿದರೆ ಸಂಸ್ಥೆ ಮುಂದುವರಿದಂತೆ ಉಳಿಯುತ್ತದೆ. ಪಾಲುದಾರರ ಸಾವಿಗೂ ಇದೇ ಎಚ್ಚರ ಬೇಕು. ಪಾಲುದಾರಿಕೆ ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, 1932ರ ಪಾಲುದಾರಿಕೆ ಅಧಿನಿಯಮದ ಪ್ರಕಾರ ಒಬ್ಬರು ತೀರಿಕೊಂಡರೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದ್ದರಿಂದ ಮೂವರು ಇರುವ ಸಂಸ್ಥೆ ಕೂಡ ‘ಒಬ್ಬರು ಮರಣಿಸಿದರೂ ಉಳಿದವರು ಮುಂದುವರಿಸತಕ್ಕದ್ದು’ ಎಂದು ಬರೆದಿಟ್ಟುಕೊಳ್ಳಬೇಕು. ಪತ್ರವಾದ ಮೇಲೆ ಜಿಎಸ್‌ಟಿ ನೋಂದಣಿಯಲ್ಲಿ ಪಾಲುದಾರರ ಬದಲಾವಣೆಯನ್ನು 15 ದಿನದೊಳಗೆ ತಿಳಿಸಬೇಕು. ಸಂಸ್ಥೆ ನೋಂದಾಯಿತವಾಗಿದ್ದರೆ ಸಂಸ್ಥೆಗಳ ನೋಂದಣಾಧಿಕಾರಿಗೂ ಸೂಚನೆ ಹೋಗಬೇಕು. ಕರಾರಿನ ಜಗಳ ಬಂದ ದಿನ ಈ ದಿನಾಂಕಗಳೇ ಮಾತಾಡುತ್ತವೆ.

ಇನ್ನು ಮಾಲೀಕರ ಒಪ್ಪಿಗೆ. ಇಂಗ್ಲೆಂಡಿನಲ್ಲಿ ಕರಾರು ಒಪ್ಪಿಗೆ ಬೇಕೆಂದಾಗ, ಮಾಲೀಕರು ಅದನ್ನು ಸಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ ಎಂದು 1927ರ ಕಾನೂನೇ ಸೇರಿಸುತ್ತದೆ. ನಮ್ಮ ಆಸ್ತಿ ವರ್ಗಾವಣೆ ಅಧಿನಿಯಮದಲ್ಲಿ ಅಂಥ ಮಾತಿಲ್ಲ. ಹಾಗಾಗಿ ಅದನ್ನು ಕರಾರು ಬರೆಯುವಾಗಲೇ ಕೇಳಿ ಪಡೆಯಬೇಕು. ‘ಬಾಡಿಗೆದಾರ ಸಂಸ್ಥೆಯ ಈಗಿನ ಪಾಲುದಾರರಲ್ಲಿ ಒಬ್ಬರಾದರೂ ಮುಂದುವರಿಯುವವರೆಗೆ ಪಾಲುದಾರರ ಸೇರ್ಪಡೆ, ನಿವೃತ್ತಿ, ಮರಣಗಳನ್ನು ವರ್ಗಾವಣೆ ಎಂದು ಎಣಿಸತಕ್ಕದ್ದಲ್ಲ, 30 ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು’ ಎಂಬ ಒಂದು ವಾಕ್ಯ ಸಾಕು. ಮಾಲೀಕರ ಪಾಲಿಗೂ ಇದು ನ್ಯಾಯವೇ: ಅವರು ನಂಬಿ ಬಾಡಿಗೆಗೆ ಕೊಟ್ಟವರಲ್ಲಿ ಒಬ್ಬರಾದರೂ ಒಳಗಿರುತ್ತಾರೆ. ಕೆಲವು ಮಾಲ್‌ಗಳ, ದೊಡ್ಡ ಕಟ್ಟಡಗಳ ಕರಾರಿನಲ್ಲಿ ಇದಕ್ಕೆ ತಿರುಗುಮುರುಗಾದ ಕಲಮು ಇರುತ್ತದೆ. ಪಾಲುದಾರರಲ್ಲಾಗಲಿ ಷೇರುದಾರರಲ್ಲಾಗಲಿ ಯಾವುದೇ ಬದಲಾವಣೆಯನ್ನು ವರ್ಗಾವಣೆ ಎಂದೇ ಭಾವಿಸಲಾಗುತ್ತದೆ. ಅಂಥ ಕಲಮಿಗೆ ಸಹಿ ಹಾಕಿದವರಿಗೆ ಮೇಲಿನ ತೀರ್ಪುಗಳ ಆಸರೆ ಬಹುಮಟ್ಟಿಗೆ ತಪ್ಪುತ್ತದೆ.

ಕಲಮು ಬಿಗಿಯಾಗಿದ್ದು ಬದಲಾವಣೆ ಅನಿವಾರ್ಯವಾದರೆ ಮೊದಲು ಒಪ್ಪಿಗೆ, ಆಮೇಲೆ ಗಲ್ಲೆ. ಮಾಲೀಕರಿಗೆ ಬರೆಯುವ ಪತ್ರದಲ್ಲಿ ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಯಾರು ಉಳಿಯುತ್ತಾರೆ, ಯಾವ ದಿನದಿಂದ, ವ್ಯಾಪಾರ ಅದೇ ಇರುತ್ತದೆಯೇ ಎಂಬುದಿಷ್ಟು ಇರಲಿ. ಬಾಯಿಮಾತಿನ ‘ಆಗಲಿ ಬಿಡ್ರಿ’ ಸಾಲದು. ಆ ಪತ್ರದ ಪ್ರತಿಯ ಮೇಲೇ ‘ಒಪ್ಪಿದ್ದೇನೆ’ ಎಂಬ ಸಹಿ, ದಿನಾಂಕ ಬೇಕು. ಮಾಲೀಕರು ಬಾಡಿಗೆ ಏರಿಸಿ ಕೇಳಿದರೆ, ಉಳಿದ ಮೂರು ವರ್ಷಕ್ಕೆ ಹೊಸ ಕರಾರನ್ನೇ ಬರೆದು ನೋಂದಾಯಿಸುವುದು ಒಂದು ದಾರಿ. ಸ್ಟಾಂಪ್ ಶುಲ್ಕ ಮತ್ತೆ ಬೀಳುತ್ತದೆ, ಆದರೆ ಜಾಗ ಭದ್ರವಾಗುತ್ತದೆ. ಒಪ್ಪದೇ ಹೋದರೆ ಹೊಸಬರನ್ನು ಪಾಲುದಾರರಾಗಿ ಅಲ್ಲದೆ ಸಂಬಳದ ಮ್ಯಾನೇಜರರಾಗಿ ಇಟ್ಟುಕೊಳ್ಳಬಹುದು, ಅವರ ಹಣವನ್ನು ಬಡ್ಡಿಯ ಸಾಲವಾಗಿ ಪಡೆಯಬಹುದು. ಅದೂ ನಿಜವಾಗಿ ಹಾಗೇ ನಡೆಯಬೇಕು. ಗಲ್ಲೆಯ ಕೀಲಿ, ಬ್ಯಾಂಕಿನ ಸಹಿ ಬಾಡಿಗೆದಾರರ ಕೈಯಲ್ಲೇ ಇರಬೇಕು.

ಒಪ್ಪಿಗೆ ಕೇಳದೆ ಆಗಿಹೋದ ಬದಲಾವಣೆಗೂ ಒಂದು ಸಣ್ಣ ಆಸರೆ ಇದೆ. ಷರತ್ತು ಮುರಿದದ್ದು ತಿಳಿದೂ ಮಾಲೀಕರು ಆಮೇಲಿನ ತಿಂಗಳುಗಳ ಬಾಡಿಗೆಯನ್ನು ಸ್ವೀಕರಿಸಿದರೆ, ಕರಾರು ರದ್ದು ಮಾಡುವ ಹಕ್ಕನ್ನು ಅವರು ಬಿಟ್ಟುಕೊಟ್ಟಂತೆ ಎಂದು ಆಸ್ತಿ ವರ್ಗಾವಣೆ ಅಧಿನಿಯಮದ 112ನೇ ಕಲಮು ಹೇಳುತ್ತದೆ. ಆದ್ದರಿಂದ ಹೊಸ ಪಾಲುದಾರರ ಹೆಸರಿರುವ ಸಂಸ್ಥೆಯ ಚೆಕ್ಕಿನಿಂದಲೇ ಬಾಡಿಗೆ ಕಟ್ಟಿ ರಸೀದಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ದಾವೆ ಹೂಡಿದ ಮೇಲೆ ಪಡೆದ ಬಾಡಿಗೆಗೆ ಈ ಗುಣವಿಲ್ಲ.

ಹೊರಡುವ ಪಾಲುದಾರರು ‘ನನ್ನ ಲೆಕ್ಕ ಮುಗಿಯಿತು’ ಎಂದು ಹಗುರಾಗುವುದೂ ಅವಸರದ ಮಾತು. ಕರಾರಿಗೆ ಸಹಿ ಹಾಕಿದವರು ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಿದ ಮಾತ್ರಕ್ಕೆ ಮಾಲೀಕರ ಮುಂದಿನ ಹೊಣೆಯಿಂದ ಬಿಡುಗಡೆಯಾಗುವುದಿಲ್ಲ. ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಹೊಸಬರು ಆರು ತಿಂಗಳು ಬಾಡಿಗೆ ಕಟ್ಟದಿದ್ದರೆ 1,80,000 ರೂಪಾಯಿಗೆ ಮಾಲೀಕರು ಹಳಬರ ಬಾಗಿಲನ್ನೂ ತಟ್ಟಬಹುದು. ಇತ್ತ ಹೊಸದಾಗಿ ಸೇರಿದವರು ತಾವು ಸೇರುವ ಮುಂಚಿನ ಬಾಕಿಗೆ ತಾವಾಗಿ ಹೊಣೆಯಲ್ಲ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಮೂರು ಮಾತು ಸೇರಿಸಿಕೊಳ್ಳುವುದು ವಾಡಿಕೆ: ಇಂಥ ದಿನಾಂಕದಿಂದ ಹೊರಹೋಗುವವರು ಬಾಡಿಗೆಯ ಹೊಣೆಯಿಂದ ಮುಕ್ತರು, ಅದುವರೆಗಿನ ಬಾಕಿ ಇಷ್ಟು ಅಥವಾ ಏನೂ ಇಲ್ಲ, 3 ಲಕ್ಷದ ಅಡ್ವಾನ್ಸ್ ಇನ್ನು ಮುಂದೆ ಮುಂದುವರಿದ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಇದಕ್ಕೆ ಮಾಲೀಕರು, ಹೊರಹೋಗುವವರು, ಉಳಿಯುವವರು, ಸೇರುವವರು ಎಲ್ಲರೂ ಸಹಿ ಹಾಕುತ್ತಾರೆ. ನೋಂದಾಯಿತ ಸಂಸ್ಥೆಯಾದರೆ ನಿವೃತ್ತಿಯ ಸೂಚನೆಯನ್ನು ನೋಂದಣಾಧಿಕಾರಿಗೆ ಸಲ್ಲಿಸಿ, ರಾಜ್ಯಪತ್ರದಲ್ಲೂ ಆ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಅದಾಗುವವರೆಗೆ ಸರಕು ಕೊಟ್ಟ ವ್ಯಾಪಾರಿಗಳು ಕೂಡ ಹಳಬರನ್ನು ಪಾಲುದಾರರೆಂದೇ ಹಿಡಿದುಕೊಳ್ಳಬಹುದು.